"No Signal" ಎಂಬ ಒಂದೇ ಮಾತಿನ ಹಿಂದೆ ಮೂರು ದೋಷಗಳು: ಉಡುಪಿಯ ಕಚೇರಿಯೊಂದರ ಪ್ರಕರಣ

ಹಿನ್ನೆಲೆ

ಈ ಪ್ರಕರಣ ಉಡುಪಿಯ ತೆರಿಗೆ ಸಲಹೆಗಾರರೊಬ್ಬರ ಸಣ್ಣ ಕಚೇರಿಗೆ ಸಂಬಂಧಿಸಿದ್ದು. ಗುರುತು ಸಿಗಬಾರದೆಂಬ ಕಾರಣಕ್ಕೆ ಹೆಸರುಗಳನ್ನೂ ಕೆಲವು ವಿವರಗಳನ್ನೂ ಬಿಟ್ಟಿದ್ದೇನೆ. ತಾಂತ್ರಿಕ ಸಂಗತಿಗಳು ಮಾತ್ರ ನಡೆದಂತೆಯೇ ಇವೆ. ಕಚೇರಿಯಲ್ಲಿ ಎರಡು ಡೆಸ್ಕ್‌ಟಾಪ್ ಕಂಪ್ಯೂಟರುಗಳಿದ್ದವು. ಗ್ರಾಹಕರ ಲೆಕ್ಕಪತ್ರಗಳೆಲ್ಲ ಮುಖ್ಯ ಕಂಪ್ಯೂಟರಿನಲ್ಲಿದ್ದು, ಇನ್ನೊಂದು ಕಂಪ್ಯೂಟರು ಅವನ್ನು ನೆಟ್‌ವರ್ಕ್ ಮೂಲಕ ತೆರೆಯುತ್ತಿತ್ತು. ಜುಲೈ ತಿಂಗಳ ಒಂದು ಶನಿವಾರ, ಜೋರು ಮಳೆಯ ನಡುವೆ, ಕಚೇರಿಯನ್ನು ರಥಬೀದಿಯ ಹತ್ತಿರದ ಹಳೆಯ ಕಟ್ಟಡದಿಂದ ಕುಂಜಿಬೆಟ್ಟಿನ ಎರಡನೆಯ ಮಹಡಿಗೆ ಸ್ಥಳಾಂತರಿಸಲಾಯಿತು. ಪ್ಲಾಸ್ಟಿಕ್ ಹಾಳೆ ಸುತ್ತಿದ ಕಂಪ್ಯೂಟರುಗಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿ ತರಲಾಗಿತ್ತು.

ಮುಖ್ಯ ಕಂಪ್ಯೂಟರಿನ ಹಳೆಯ ಮಾನಿಟರು ಮಬ್ಬಾಗಿದ್ದರಿಂದ ಇದೇ ಸಂದರ್ಭದಲ್ಲಿ 24 ಇಂಚಿನ ಹೊಸ ಮಾನಿಟರನ್ನು ಕೊಂಡಿದ್ದರು. ಹಳೆಯದು ನೀಲಿ ಬಣ್ಣದ ವಿಜಿಎ ಕೇಬಲ್ಲಿನಿಂದ ನಡೆಯುತ್ತಿತ್ತು. ಹೊಸದರಲ್ಲಿ ವಿಜಿಎ ಇರಲಿಲ್ಲ. ಎಚ್‌ಡಿಎಂಐ ಮತ್ತು ಡಿಸ್‌ಪ್ಲೇ ಪೋರ್ಟ್ ಎಂಬ ಹೊಸ ಬಗೆಯ ಕಿಂಡಿಗಳು ಮಾತ್ರ ಇದ್ದವು. ಹೀಗೆ ಒಂದೇ ದಿನ ಜಾಗ, ಮಾನಿಟರು ಮತ್ತು ಕೇಬಲ್ಲು ಮೂರೂ ಬದಲಾದವು. ಈ ಪ್ರಕರಣ ಗೋಜಲಾಗಲು ಮೂಲ ಕಾರಣವೇ ಇದು.

ಸಮಸ್ಯೆ

ಕಚೇರಿಯ ಸಹಾಯಕರು ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಕಣ್ಣಿಗೆ ಬಿದ್ದ ಮೊದಲ ಎಚ್‌ಡಿಎಂಐ ಕಿಂಡಿಗೆ ಹೊಸ ಕೇಬಲ್ಲನ್ನು ಚುಚ್ಚಿ ಸ್ವಿಚ್ ಹಾಕಿದರು. ಫ್ಯಾನು ತಿರುಗಿತು, ಮುಂಭಾಗದ ದೀಪ ಬೆಳಗಿತು, ಆದರೆ ಮಾನಿಟರಿನ ಮೇಲೆ "No Signal" ಎಂಬ ಬರಹ ಕೆಲವು ಕ್ಷಣ ತೋರಿ ಪರದೆ ಕಪ್ಪಾಯಿತು. ಸೋಮವಾರ ಒಬ್ಬ ತಂತ್ರಜ್ಞರು ಬಂದು ಎರಡು ಗಂಟೆ ಪ್ರಯತ್ನಿಸಿದರು. ಎಲ್ಲ ಭಾಗಗಳನ್ನು ಜೋಡಿಸುವ ಮದರ್‌ಬೋರ್ಡ್ ಹೋಗಿದೆ, ಪ್ರಾಯಶಃ ಪರದೆಗೆ ಚಿತ್ರ ತಯಾರಿಸುವ ಗ್ರಾಫಿಕ್ಸ್ ಕಾರ್ಡೂ ಹೋಗಿದೆ, ಎರಡನ್ನೂ ಬದಲಿಸಬೇಕು ಎಂಬುದು ಅವರ ತೀರ್ಮಾನವಾಗಿತ್ತು. ಮಾಸಿಕ ಜಿಎಸ್‌ಟಿಆರ್-3ಬಿ ಎಂಬ ತೆರಿಗೆ ವಿವರಪತ್ರವನ್ನು ಸಲ್ಲಿಸಲು 20ನೇ ತಾರೀಕು ಕೊನೆಯ ದಿನ. ಕಚೇರಿಯ ಯಜಮಾನರ ಕೈಯಲ್ಲಿ ಉಳಿದದ್ದು ನಾಲ್ಕೇ ದಿನ. ಮಂಗಳವಾರ ಬೆಳಿಗ್ಗೆ ಅವರು ನನಗೆ ಫೋನ್ ಮಾಡಿದಾಗ ಕೇಳಿದ ಪ್ರಶ್ನೆ ಇದು: "ಫ್ಯಾನ್ ತಿರುಗ್ತಾ ಉಂಟು, ಲೈಟೂ ಬರ್ತಾ ಉಂಟು. ಹಾಗಾದ್ರೆ ಬೋರ್ಡ್ ಹೋಗಿದೆ ಅಂತ ಹೇಗೆ ಹೇಳುದು ಮಾರಾಯ್ರೆ?"

ಪ್ರಶ್ನೆ ಸರಿಯಾಗಿಯೇ ಇತ್ತು, ಆದರೆ ಅದರೊಳಗೆ ಒಂದು ತಪ್ಪು ನಂಬಿಕೆಯೂ ಇತ್ತು. ಫ್ಯಾನು ತಿರುಗುವುದು ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ವಿದ್ಯುತ್ ಬರುತ್ತಿದೆ ಎಂಬುದಕ್ಕೆ ಮಾತ್ರ ಸಾಕ್ಷಿ. ಕಂಪ್ಯೂಟರು ಕೆಲಸ ಆರಂಭಿಸಿದೆ ಎಂದು ಅದರಿಂದ ಹೇಳಲಾಗದು. ಸ್ವಿಚ್ ಒತ್ತಿದ ಮೇಲೆ ಬೋರ್ಡು ಮೊದಲು ಪ್ರೊಸೆಸರನ್ನು, ನಂತರ ತಾತ್ಕಾಲಿಕ ಸ್ಮರಣೆಯಾದ ರ‍್ಯಾಮನ್ನು, ಅದರ ನಂತರ ಗ್ರಾಫಿಕ್ಸನ್ನು ಪರೀಕ್ಷಿಸುತ್ತದೆ. ಹಾರ್ಡ್ ಡಿಸ್ಕನ್ನು ಹುಡುಕಿ ವಿಂಡೋಸ್ ಆರಂಭಿಸುವುದು ಕೊನೆಗೆ. ಪರದೆಗೆ ಚಿತ್ರ ಹೋಗುವುದು ಮೂರನೆಯ ಹಂತ ದಾಟಿದ ಮೇಲೆಯೇ. ಆದ್ದರಿಂದ ಮೊದಲ ಮೂರು ಹಂತಗಳಲ್ಲಿ ಎಲ್ಲಿಯೇ ನಿಂತರೂ, ಇಲ್ಲವೇ ಎಲ್ಲ ಹಂತ ದಾಟಿಯೂ ಕೇಬಲ್ಲು ತಪ್ಪು ಕಿಂಡಿಯಲ್ಲಿದ್ದರೂ, ಮಾನಿಟರು ತೋರಿಸುವ ಮಾತು ಒಂದೇ.

ಮೊದಲ ಪ್ರಯತ್ನ

ಮೊದಲು ಬಂದ ತಂತ್ರಜ್ಞರು ಏನೇನು ಮಾಡಿದರು, ಯಾವುದರ ನಂತರ ಯಾವುದನ್ನು ಮಾಡಿದರು ಎಂಬುದನ್ನು ಸಹಾಯಕರಿಂದ ಕೇಳಿ ಬರೆದುಕೊಂಡೆ. ಮುಂದೆ ನನ್ನ ನೆರವಿಗೆ ಬಂದದ್ದು ಈ ಪಟ್ಟಿಯೇ. ಅವರು ಎಚ್‌ಡಿಎಂಐ ಕೇಬಲ್ಲನ್ನು ಎರಡು ಬಾರಿ ಬದಲಿಸಿದ್ದರು, ಇನ್ನೊಂದು ಮಾನಿಟರನ್ನೂ ತಂದು ನೋಡಿದ್ದರು. ಈ ಎಲ್ಲ ಪರೀಕ್ಷೆಗಳೂ ಸಹಾಯಕರು ಮೊದಲು ಚುಚ್ಚಿದ್ದ, ಬೋರ್ಡಿನ ಅದೇ ಕಿಂಡಿಯಲ್ಲಿ ನಡೆದಿದ್ದವು. ಆಮೇಲೆ ಕ್ಯಾಬಿನೆಟ್ಟಿನ ಕೆಳಭಾಗದಲ್ಲಿ ಗ್ರಾಫಿಕ್ಸ್ ಕಾರ್ಡಿನದೇ ಆದ ಇನ್ನೊಂದು ಎಚ್‌ಡಿಎಂಐ ಕಿಂಡಿ ಇರುವುದನ್ನು ಗಮನಿಸಿ ಕೇಬಲ್ಲನ್ನು ಅಲ್ಲಿಗೆ ಹಾಕಿದರು. ಅದು ಸರಿಯಾದ ಹೆಜ್ಜೆಯಾಗಿತ್ತು. ಆದರೂ ಚಿತ್ರ ಬರಲಿಲ್ಲ. ಕಾರ್ಡು ಕೆಟ್ಟಿದೆ ಎಂದು ಭಾವಿಸಿ ಅದನ್ನು ಕಳಚಿ, ಕೇಬಲ್ಲನ್ನು ಮತ್ತೆ ಬೋರ್ಡಿನ ಕಿಂಡಿಗೆ ಹಾಕಿದರು. ಆಗಲೂ ಚಿತ್ರವಿಲ್ಲ. ಕಾರ್ಡಿನಿಂದಲೂ ಇಲ್ಲ, ಬೋರ್ಡಿನಿಂದಲೂ ಇಲ್ಲ ಎಂದ ಮೇಲೆ ಬೋರ್ಡೇ ಸತ್ತಿದೆ ಎಂಬ ನಿರ್ಣಯಕ್ಕೆ ಬಂದರು.

ಅವರದು ಅವಸರದ ಕೆಲಸವೆಂದು ನನಗೆ ಅನ್ನಿಸಲಿಲ್ಲ. ಒಂದೊಂದು ಹೆಜ್ಜೆಗೂ ಕಾರಣವಿತ್ತು. ತಪ್ಪಿದ್ದು ಎರಡು ಕಡೆ: ಪರದೆಯೊಂದನ್ನೇ ಸಾಕ್ಷಿಯಾಗಿ ನಂಬಿದ್ದು, ಮತ್ತು ಪ್ರೊಸೆಸರು ಯಾವುದೆಂದು ನೋಡದೆ ಕಾರ್ಡನ್ನು ತೆಗೆದದ್ದು.

ಮಾನಿಟರನ್ನೂ ಕೇಬಲ್ಲನ್ನೂ ಪ್ರತ್ಯೇಕಿಸಿದ್ದು

ನಾನು ಮೊದಲು ಕಂಪ್ಯೂಟರನ್ನು ಮುಟ್ಟಲಿಲ್ಲ. ಮಾನಿಟರಿನ ಎಲ್ಲ ಕೇಬಲ್ಲುಗಳನ್ನು ಕಳಚಿ, ವಿದ್ಯುತ್ ಸಂಪರ್ಕ ಮಾತ್ರ ಉಳಿಸಿ ಆನ್ ಮಾಡಿದೆ. ಕಂಪನಿಯ ಗುರುತು ಮೂಡಿತು, ಬರಹ ಬಂತು, ಕೆಳಗಿನ ಗುಂಡಿ ಒತ್ತಿದಾಗ ಮಾನಿಟರಿನ ಸ್ವಂತ ಮೆನು ತೆರೆಯಿತು. ತನ್ನದೇ ಮೆನುವನ್ನು ಸ್ವಚ್ಛವಾಗಿ ತೋರಿಸುವ ಮಾನಿಟರಿನಲ್ಲಿ ಪರದೆ, ಹಿಂಬದಿಯ ಬೆಳಕು ಮತ್ತು ವಿದ್ಯುತ್ ಭಾಗ ಸರಿಯಾಗಿವೆ ಎಂದು ತಿಳಿಯಬಹುದು. ಅದೇ ಮೆನುವಿನಲ್ಲಿ ಇನ್‌ಪುಟ್ ಯಾವುದೆಂದು ನೋಡಿದೆ. "Auto" ಎಂದಿತ್ತು, ಅದನ್ನು "HDMI" ಎಂದು ನಿಗದಿಪಡಿಸಿದೆ. ಎರಡು ಕಿಂಡಿಗಳಿರುವ ಮಾನಿಟರು ಕೆಲವೊಮ್ಮೆ ಖಾಲಿ ಕಿಂಡಿಯನ್ನೇ ಕಾಯುತ್ತ ಕೂರುವುದುಂಟು. ಅದಕ್ಕಾಗಿಯೇ ಬೋರ್ಡು ಬಿಚ್ಚಿದ ಉದಾಹರಣೆಗಳನ್ನೂ ನೋಡಿದ್ದೇನೆ.

ನಂತರ ಕಚೇರಿಯದೇ ಎಚ್‌ಡಿಎಂಐ ಕೇಬಲ್ಲಿನಿಂದ ನನ್ನ ಲ್ಯಾಪ್‌ಟಾಪನ್ನು ಈ ಮಾನಿಟರಿಗೆ ಜೋಡಿಸಿದೆ. ಕೆಲವೇ ಕ್ಷಣಗಳಲ್ಲಿ ಚಿತ್ರ ಬಂತು. ಕೇಬಲ್ಲನ್ನು ಬದಲಿಸಿ ನೋಡುವುದಕ್ಕೂ ಹೀಗೆ ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ. ಕೇಬಲ್ಲು ಬದಲಿಸಿದಾಗಲೂ ಚಿತ್ರ ಬಾರದಿದ್ದರೆ ಹೊಸ ಕೇಬಲ್ಲೂ ಸರಿಯಿದೆಯೇ ಎಂಬ ಅನುಮಾನ ಉಳಿಯುತ್ತದೆ. ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಯಂತ್ರವನ್ನು ಅದೇ ಕೇಬಲ್ಲಿಗೆ, ಅದೇ ಕಿಂಡಿಗೆ ಜೋಡಿಸಿ ಚಿತ್ರ ಬಂದರೆ ಮಾನಿಟರು, ಮಾನಿಟರಿನ ಕಿಂಡಿ ಮತ್ತು ಕೇಬಲ್ಲು ಮೂರೂ ಒಟ್ಟಿಗೆ ಅನುಮಾನದಿಂದ ಹೊರಬೀಳುತ್ತವೆ. ಇಷ್ಟಕ್ಕೆ ಐದು ನಿಮಿಷ ಸಾಕಾಯಿತು. ದೋಷ ಕ್ಯಾಬಿನೆಟ್ಟಿನ ಕಡೆಯೇ ಇದೆ ಎಂದು ಈಗ ಖಚಿತವಾಗಿ ಹೇಳಬಹುದಾಗಿತ್ತು.

ಪರದೆಯನ್ನು ಬಿಟ್ಟು ಬೇರೆ ಸಾಕ್ಷಿ ಕೇಳಿದ್ದು

ಮುಂದಿನ ಪ್ರಶ್ನೆ ಇದು: ಕಂಪ್ಯೂಟರು ಒಳಗೊಳಗೆ ಪೂರ್ತಿ ಆರಂಭವಾಗಿ ಚಿತ್ರವನ್ನು ಮಾತ್ರ ಕಳುಹಿಸುತ್ತಿಲ್ಲವೇ, ಅಥವಾ ಆರಂಭವೇ ಆಗುತ್ತಿಲ್ಲವೇ? ಮೊದಲನೆಯದಾದರೆ ಕಿಂಡಿ, ಕಾರ್ಡು, ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರು ಇವುಗಳ ಕಡೆ ನೋಡಬೇಕು. ಎರಡನೆಯದಾದರೆ ರ‍್ಯಾಮ್, ಪ್ರೊಸೆಸರು, ಬೋರ್ಡುಗಳ ಕಡೆ ನೋಡಬೇಕು. ಈ ಕವಲಿನಲ್ಲಿ ತಪ್ಪು ದಾರಿ ಹಿಡಿದರೆ ಇಡೀ ದಿನ ವ್ಯರ್ಥವಾಗುತ್ತದೆ.

ಕಂಪ್ಯೂಟರನ್ನು ಆನ್ ಮಾಡಿ ಎರಡು ನಿಮಿಷ ಬಿಟ್ಟು ಕೀಬೋರ್ಡಿನ ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿದೆ. ವಿಂಡೋಸ್ ಆರಂಭವಾಗಿದ್ದರೆ ಪ್ರತಿ ಒತ್ತಿಗೂ ಅದರ ದೀಪ ಹತ್ತಿ ಆರಬೇಕು, ಏಕೆಂದರೆ ದೀಪವನ್ನು ಬೆಳಗಿಸಲು ಹೇಳುವುದು ಕಂಪ್ಯೂಟರು. ಕೀಬೋರ್ಡು ತಾನಾಗಿ ಬೆಳಗಿಸುವುದಿಲ್ಲ. ದೀಪ ಹತ್ತಲಿಲ್ಲ. ಇದೊಂದನ್ನೇ ನೆಚ್ಚದೆ ಎರಡನೆಯ ಕಂಪ್ಯೂಟರಿನಿಂದ ಮುಖ್ಯ ಕಂಪ್ಯೂಟರನ್ನು ನೆಟ್‌ವರ್ಕಿನಲ್ಲಿ ಕರೆದು ನೋಡಿದೆ. ಅದಕ್ಕೆ ಸ್ಥಿರ ವಿಳಾಸ ಕೊಟ್ಟಿದ್ದರು.

```
ping 192.168.1.20
```

"Destination host unreachable" ಎಂಬ ಸಂದೇಶ ಬಂತು, ಎಂದರೆ ಮುಖ್ಯ ಕಂಪ್ಯೂಟರಿನಿಂದ ಉತ್ತರವಿಲ್ಲ. ಈ ಪರೀಕ್ಷೆಗೆ ಒಂದು ಮಿತಿ ಇದೆ: ವಿಂಡೋಸ್‌ನ ಫೈರ್‌ವಾಲ್ ತಡೆದರೆ ಸರಿಯಾಗಿ ನಡೆಯುತ್ತಿರುವ ಕಂಪ್ಯೂಟರೂ ಉತ್ತರ ಕೊಡುವುದಿಲ್ಲ. ಈ ಕಂಪ್ಯೂಟರು ಮೊದಲು ಉತ್ತರ ಕೊಡುತ್ತಿತ್ತು ಎಂದು ತಿಳಿದಿದ್ದರಿಂದ ಮೌನಕ್ಕೆ ಅರ್ಥವಿತ್ತು. ನೆಟ್‌ವರ್ಕ್ ಕಿಂಡಿಯ ಹಸಿರು ದೀಪ ಉರಿಯುತ್ತಿದೆಯಲ್ಲ ಎಂದು ಸಹಾಯಕರು ತೋರಿಸಿದರು. ಅನೇಕ ಬೋರ್ಡುಗಳಲ್ಲಿ ಕಂಪ್ಯೂಟರು ಆಫ್ ಆಗಿರುವಾಗಲೂ ಆ ದೀಪ ಉರಿಯುತ್ತದೆ. ಅದನ್ನು ಸಾಕ್ಷಿ ಎಂದು ತೆಗೆದುಕೊಳ್ಳುವಂತಿಲ್ಲ.

ಯಂತ್ರ ಆರಂಭವೇ ಆಗುತ್ತಿಲ್ಲ ಎಂದು ಎರಡು ಕಡೆಯಿಂದ ತಿಳಿದ ಮೇಲೆ, ಎಚ್‌ಡಿಎಂಐ ಕಿಂಡಿಯ ವಿಚಾರವನ್ನು ಸದ್ಯಕ್ಕೆ ಬದಿಗಿಟ್ಟೆ. ಮೊದಲ ಪ್ರಯತ್ನಕ್ಕೂ ನನ್ನದಕ್ಕೂ ದಾರಿ ಬೇರೆಯಾದದ್ದು ಇಲ್ಲಿ.

ಬೀಪ್ ಸದ್ದು ಹೇಳಿದ್ದು

ಹೊಸ ಬೋರ್ಡುಗಳಲ್ಲಿ ಕೆಲವಕ್ಕೆ ಪ್ರೊಸೆಸರು, ರ‍್ಯಾಮ್, ಗ್ರಾಫಿಕ್ಸ್, ಡಿಸ್ಕ್ ಎಂದು ನಾಲ್ಕು ಪುಟ್ಟ ದೀಪಗಳಿರುತ್ತವೆ; ಪರೀಕ್ಷೆ ಎಲ್ಲಿ ನಿಂತಿತೋ ಆ ದೀಪ ಉರಿಯುತ್ತಲೇ ಉಳಿದುಬಿಡುತ್ತದೆ. ಈ ಬೋರ್ಡಿನಲ್ಲಿ ಅವು ಇರಲಿಲ್ಲ. ಹಿಂದೆ ಕ್ಯಾಬಿನೆಟ್ಟುಗಳ ಜೊತೆ ಒಂದು ಸಣ್ಣ ಸ್ಪೀಕರು ಬರುತ್ತಿತ್ತು, ಆರಂಭದಲ್ಲಿ ಬೀಪ್ ಎನ್ನುವುದು ಅದೇ. ಈಗ ಬಹಳ ಕ್ಯಾಬಿನೆಟ್ಟುಗಳಲ್ಲಿ ಅದನ್ನು ಕೊಡುವುದಿಲ್ಲ, ಹಾಗಾಗಿ ಬೋರ್ಡು ಕೂಗಿ ಹೇಳುತ್ತಿದ್ದರೂ ಯಾರಿಗೂ ಕೇಳಿಸುವುದಿಲ್ಲ. ನಾಲ್ಕು ಪಿನ್ನಿನ ಅಂಥದೊಂದು ಸ್ಪೀಕರನ್ನು ನಾನು ಸದಾ ಚೀಲದಲ್ಲಿ ಇಟ್ಟುಕೊಂಡಿರುತ್ತೇನೆ. ಪ್ಲಗ್ ತೆಗೆದು, ಒಳಗೆ ಉಳಿದ ವಿದ್ಯುತ್ ಇಳಿಯಲೆಂದು ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ, ಸ್ಪೀಕರನ್ನು ಬೋರ್ಡಿಗೆ ಸಿಕ್ಕಿಸಿದೆ.

ಈ ಹೊತ್ತಿಗೆ ಗ್ರಾಫಿಕ್ಸ್ ಕಾರ್ಡು ಇನ್ನೂ ಹೊರಗೇ, ಕಪಾಟಿನ ಮೇಲಿತ್ತು. ಅದನ್ನು ಮೊದಲು ಹಾಕಿಬಿಡೋಣ ಎಂದು ಸಹಾಯಕರು ಹೇಳಿದರು. ನಾನು ಬೇಡವೆಂದೆ. ಒಂದು ಬಾರಿಗೆ ಒಂದನ್ನೇ ಬದಲಿಸಿದರೆ ಮಾತ್ರ ಯಾವುದರಿಂದ ಏನಾಯಿತು ಎಂದು ಹೇಳಬಹುದು.

ಸ್ವಿಚ್ ಒತ್ತಿದಾಗ ಒಂದು ಉದ್ದ, ಎರಡು ಗಿಡ್ಡ ಸದ್ದುಗಳು ಬಂದು, ಸ್ವಲ್ಪ ಬಿಡುವಿನ ನಂತರ ಅದೇ ಮರುಕಳಿಸಿತು. ಬೀಪ್‌ಗಳ ಅರ್ಥ ಬೋರ್ಡಿನ ತಯಾರಕರಿಗೆ ತಕ್ಕಂತೆ ಬೇರೆಯಾಗುತ್ತದೆ, ಆದ್ದರಿಂದ ಈ ಬೋರ್ಡಿನದೇ ಕೈಪಿಡಿಯನ್ನು ತೆರೆದು ನೋಡಿದೆ. ಒಂದು ಉದ್ದ ಎರಡು ಗಿಡ್ಡ ಎಂದರೆ ರ‍್ಯಾಮ್ ಕಾಣುತ್ತಿಲ್ಲ. ಒಂದು ಉದ್ದ ಮೂರು ಗಿಡ್ಡ ಎಂದರೆ ಗ್ರಾಫಿಕ್ಸ್ ಕಾಣುತ್ತಿಲ್ಲ. ಒಂದೇ ಗಿಡ್ಡ ಸದ್ದು ಎಂದರೆ ಎಲ್ಲ ಸರಿ. ದೂರು ಹೇಳುವಷ್ಟು ಜೀವ ಬೋರ್ಡಿಗಿತ್ತು. ಬೋರ್ಡು ಸತ್ತಿದೆ ಎಂಬ ನಿರ್ಣಯ ಆ ಕ್ಷಣಕ್ಕೇ ಬಿದ್ದುಹೋಯಿತು.

ಈ ಯಂತ್ರದಲ್ಲಿದ್ದದ್ದು 8 ಜಿಬಿಯ ಒಂದೇ ರ‍್ಯಾಮ್ ಪಟ್ಟಿ. ಟಾರ್ಚ್ ಹಿಡಿದು ನೋಡಿದಾಗ ಅದರ ಮೇಲಿನ ತುದಿಯ ಕೊಂಡಿ ಸರಿಯಾಗಿ ಮುಚ್ಚಿತ್ತು, ಕೆಳಗಿನ ತುದಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಈ ಬಗೆಯ ಅಗ್ಗದ ಬೋರ್ಡುಗಳಲ್ಲಿ ಕೊಂಡಿ ಒಂದೇ ತುದಿಯಲ್ಲಿರುತ್ತದೆ. ಇನ್ನೊಂದು ತುದಿ ಕಣ್ಣಿಗೆ ಕೂತಂತೆಯೇ ಕಾಣುತ್ತದೆ, ಬೆರಳಿನಿಂದ ಒತ್ತಿದರೆ ಮಾತ್ರ ಗೊತ್ತಾಗುತ್ತದೆ. ಮೊದಲೇ ಸಡಿಲಾಗಿ ಕೂತಿದ್ದ ಪಟ್ಟಿ ಮಳೆಗಾಲದ ಗುಂಡಿಬಿದ್ದ ರಸ್ತೆಯಲ್ಲಿ ಅಡ್ಡ ಮಲಗಿ ಬಂದಾಗ ಪೂರ್ತಿ ಸಂಪರ್ಕ ಕಳೆದುಕೊಂಡಿತ್ತು.

ಇಲ್ಲಿಯೂ ಒಂದು ನಿರ್ಧಾರವಿತ್ತು. ಕರಾವಳಿಯಲ್ಲಿ ರ‍್ಯಾಮ್ ತೊಂದರೆ ಎಂದೊಡನೆ ಪಟ್ಟಿಯನ್ನು ತೆಗೆದು ರಬ್ಬರಿನಿಂದ ಉಜ್ಜುವುದು ವಾಡಿಕೆ, ಏಕೆಂದರೆ ಇಲ್ಲಿನ ತೇವದ ಗಾಳಿಯಲ್ಲಿ ಸಂಪರ್ಕಗಳ ಮೇಲೆ ಕೊಳೆಯ ಪದರ ಕೂರುವುದು ನಿಜ. ಆದರೆ ಉಜ್ಜಿ, ಮತ್ತೆ ಕೂರಿಸಿದರೆ ತೊಂದರೆ ಕೊಳೆಯದೋ ಸಡಿಲದ್ದೋ ಎಂದು ತಿಳಿಯುವುದಿಲ್ಲ. ಜೊತೆಗೆ ರಬ್ಬರು ಸಂಪರ್ಕಗಳ ಮೇಲಿನ ತೆಳು ಚಿನ್ನದ ಲೇಪವನ್ನೂ ಸವೆಸುತ್ತದೆ. ಒರೆಸಲೇಬೇಕಾದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಮೆತ್ತಗಿನ ಬಟ್ಟೆ ಲೇಸು. ಹಾಗಾಗಿ ಏನನ್ನೂ ಉಜ್ಜದೆ, ವಿದ್ಯುತ್ ತೆಗೆದು, ಪಟ್ಟಿಯನ್ನು ಹೊರತೆಗೆದು ನೇರವಾಗಿ ಹಿಡಿದು ಎರಡೂ ತುದಿಗಳಲ್ಲಿ ಸಮನಾಗಿ ಒತ್ತಿದೆ. ಕೊಂಡಿ ಟಕ್ಕೆಂದು ಕೂತಿತು.

ಮತ್ತೆ ಸ್ವಿಚ್ ಒತ್ತಿದಾಗ ಸದ್ದು ಬದಲಾಗಿತ್ತು: ಒಂದು ಉದ್ದ, ಮೂರು ಗಿಡ್ಡ. ಇನ್ನೂ ಹಾಳಾಯಿತೇ ಎಂದು ಯಜಮಾನರು ಗಾಬರಿಯಾದರು. ನನಗೆ ಆ ದಿನದ ಅತ್ಯಂತ ಸಂತೋಷದ ಸದ್ದು ಅದೇ. ಪರೀಕ್ಷೆ ರ‍್ಯಾಮನ್ನು ದಾಟಿ ಮುಂದಿನ ಹಂತಕ್ಕೆ ಬಂದಿತ್ತು. ಪರದೆ ಮಾತ್ರ ಎರಡೂ ಸಲ ಒಂದೇ "No Signal" ತೋರಿಸುತ್ತಿತ್ತು. ಅದನ್ನೇ ನೋಡುತ್ತ ಕೂತಿದ್ದರೆ ರ‍್ಯಾಮ್ ಸರಿಮಾಡಿದ್ದರಿಂದ ಪ್ರಯೋಜನವಾಗಲಿಲ್ಲ ಎಂದೇ ಅಂದುಕೊಳ್ಳಬೇಕಾಗಿತ್ತು.

ಒಂದು ಅಕ್ಷರದ ಮಹತ್ವ

ಬೋರ್ಡಿನಲ್ಲೇ ಎಚ್‌ಡಿಎಂಐ ಇರುವಾಗ ಗ್ರಾಫಿಕ್ಸ್ ಕಾಣುತ್ತಿಲ್ಲ ಎಂದು ಅದು ಏಕೆ ಕೂಗಬೇಕು? ಉತ್ತರ ಖರೀದಿಯ ಹಳೆಯ ಬಿಲ್ಲಿನಲ್ಲಿತ್ತು. ಪ್ರೊಸೆಸರಿನ ಹೆಸರು i5-10400F. ಇಂಟೆಲ್‌ನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಕೊನೆಯ F ಅಕ್ಷರದ ಅರ್ಥ, ಒಳಗೆ ಗ್ರಾಫಿಕ್ಸ್ ಇಲ್ಲ ಎಂದು. ಬೋರ್ಡಿನ ಎಚ್‌ಡಿಎಂಐ ಕಿಂಡಿ ತಾನಾಗಿ ಚಿತ್ರ ತಯಾರಿಸುವುದಿಲ್ಲ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಕಳುಹಿಸುವ ಚಿತ್ರವನ್ನು ಹೊರಬಿಡುವ ಬಾಗಿಲು ಮಾತ್ರ ಅದು. ಒಳಗೆ ಗ್ರಾಫಿಕ್ಸ್ ಇಲ್ಲದ ಪ್ರೊಸೆಸರನ್ನು ಹಾಕಿದರೆ ಆ ಕಿಂಡಿಯಿಂದ ಎಂದೂ ಏನೂ ಬಾರದು, ಬೋರ್ಡು ಎಷ್ಟೇ ಆರೋಗ್ಯವಾಗಿರಲಿ. ಎಎಂಡಿ ಕಡೆ 7000 ಸರಣಿಗೆ ಮುಂಚಿನ ಡೆಸ್ಕ್‌ಟಾಪ್ ರೈಜನ್‌ಗಳಲ್ಲಿ ಹೆಸರಿನಲ್ಲಿ G ಇದ್ದರೆ ಮಾತ್ರ ಒಳಗೆ ಗ್ರಾಫಿಕ್ಸ್ ಇರುತ್ತದೆ ಎಂದು ನೆನಪಿಟ್ಟುಕೊಂಡರೆ ಬಹುತೇಕ ಸಾಕಾಗುತ್ತದೆ.

ಹಳೆಯ ಕಚೇರಿಯಲ್ಲಿ ವಿಜಿಎ ಕೇಬಲ್ಲು ಜಿಟಿ 710 ಎಂಬ ಪುಟ್ಟ ಗ್ರಾಫಿಕ್ಸ್ ಕಾರ್ಡಿಗೆ ಹೋಗುತ್ತಿತ್ತು. ಅದು ಯಾರ ಗಮನದಲ್ಲೂ ಇರಲಿಲ್ಲ, ಏಕೆಂದರೆ ಮೂರು ವರ್ಷ ಆ ಕೇಬಲ್ಲನ್ನು ಯಾರೂ ಬಿಚ್ಚಿರಲಿಲ್ಲ. ಈಗ ಇಡೀ ಸರಪಳಿ ಅರ್ಥವಾಯಿತು. ಶನಿವಾರ ರ‍್ಯಾಮ್ ಸಡಿಲಾಗಿತ್ತು, ಕೇಬಲ್ಲೂ ತಪ್ಪು ಕಿಂಡಿಯಲ್ಲಿತ್ತು. ಸೋಮವಾರ ಕೇಬಲ್ಲು ಸರಿಯಾದ ಕಿಂಡಿಗೆ ಬಂದಾಗ ರ‍್ಯಾಮ್ ತಡೆದಿತ್ತು. ಕಾರ್ಡನ್ನು ತೆಗೆದಾಗ ಮೂರನೆಯ ದೋಷ ಸೇರಿಕೊಂಡಿತು. ಅಲ್ಲಿಂದ ಮುಂದೆ ರ‍್ಯಾಮ್ ಸರಿಯಾಗಿದ್ದರೂ ಚಿತ್ರ ಬರುತ್ತಿರಲಿಲ್ಲ.

ಕಾರ್ಡನ್ನು ಸ್ಲಾಟಿನಲ್ಲಿ ಕೂರಿಸಿ, ತಿರುಪು ಬಿಗಿದು, ಎಚ್‌ಡಿಎಂಐ ಕೇಬಲ್ಲನ್ನು ಕಾರ್ಡಿನ ಕಿಂಡಿಗೆ ಹಾಕಿದೆ. ಈ ಕಾರ್ಡಿಗೆ ಪ್ರತ್ಯೇಕ ವಿದ್ಯುತ್ ಕೇಬಲ್ಲು ಬೇಕಿಲ್ಲ. ದೊಡ್ಡ ಕಾರ್ಡುಗಳಿಗೆ ಬೇಕಾಗುತ್ತದೆ, ಅದನ್ನು ಮರೆತರೂ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಸ್ವಿಚ್ ಒತ್ತಿದಾಗ ಒಂದೇ ಗಿಡ್ಡ ಸದ್ದು ಬಂತು, ಹಿಂದೆಯೇ ಪರದೆಯ ಮೇಲೆ ಬೋರ್ಡಿನ ಗುರುತು ಮೂಡಿತು. ನಾನು ಕಚೇರಿಗೆ ಬಂದು ಒಂದು ಗಂಟೆಯೂ ಆಗಿರಲಿಲ್ಲ. ಹೊಸದಾಗಿ ಕೊಳ್ಳಬೇಕಾದ ಭಾಗ ಒಂದೂ ಇರಲಿಲ್ಲ. ಲೆಕ್ಕಪತ್ರಗಳು ತೆರೆದವು, 20ರೊಳಗೆ ಸಲ್ಲಿಕೆಯೂ ಮುಗಿಯಿತು.

ಹೆಜ್ಜೆಗಳ ಕ್ರಮ, ಅದರ ಮಿತಿ

ಈ ಪ್ರಕರಣದಲ್ಲಿ ಕೆಲಸಕ್ಕೆ ಬಂದ ಕ್ರಮವನ್ನು ಹೀಗೆ ಹೇಳಬಹುದು. ಮೊದಲು ಮಾನಿಟರನ್ನು ಒಂಟಿಯಾಗಿ, ಅದರ ಮೆನುವಿನ ಮೂಲಕ ನೋಡುವುದು. ಅನಂತರ ಚಿತ್ರ ಕೊಡುವುದೆಂದು ಗೊತ್ತಿರುವ ಇನ್ನೊಂದು ಯಂತ್ರದಿಂದ ಅದೇ ಕೇಬಲ್ಲನ್ನು ಪರೀಕ್ಷಿಸುವುದು. ಕಾರ್ಡು ಇರುವ ಕಂಪ್ಯೂಟರಾದರೆ ಕೇಬಲ್ಲು ಕಾರ್ಡಿನಲ್ಲೇ ಇದೆಯೇ ಎಂದು ನೋಡುವುದು. ಆಮೇಲೆ ಕ್ಯಾಪ್ಸ್ ಲಾಕ್ ದೀಪದಿಂದ ಯಂತ್ರ ಆರಂಭವಾಗಿದೆಯೇ ಎಂದು ತಿಳಿಯುವುದು. ಆಗಿಲ್ಲವಾದರೆ ಮಾತ್ರ ಕ್ಯಾಬಿನೆಟ್ಟು ಬಿಚ್ಚಿ ಬೀಪ್ ಅಥವಾ ದೀಪ ಹೇಳುವ ಹಂತಕ್ಕೆ ಕೈ ಹಾಕುವುದು. ಬಿಚ್ಚದೆ ಮಾಡಬಹುದಾದ ಪರೀಕ್ಷೆಗಳೆಲ್ಲ ಮುಗಿಯುವ ತನಕ ಬಿಚ್ಚಬಾರದೆಂಬುದು ನನ್ನ ಅಭಿಪ್ರಾಯ. ಬಿಚ್ಚಿದಾಗ ಹೊಸ ದೋಷ ಸೇರಬಹುದು ಎಂಬುದಕ್ಕೆ ಈ ಪ್ರಕರಣವೇ ಉದಾಹರಣೆ.

ಈ ಕ್ರಮಕ್ಕೆ ಹೊಂದದ ಸಂದರ್ಭಗಳೂ ಇವೆ. ಬೋರ್ಡಿನ ಗುರುತು ಕಂಡು, ವಿಂಡೋಸ್ ಬರುವ ಹೊತ್ತಿಗೆ ಪರದೆ ಕಪ್ಪಾದರೆ ಕೇಬಲ್ಲು, ಕಿಂಡಿ, ರ‍್ಯಾಮುಗಳನ್ನು ಹುಡುಕುವುದಕ್ಕಿಂತ ಮೊದಲು ಡ್ರೈವರನ್ನೋ ಚಿತ್ರದ ಅಳತೆಯನ್ನೋ ಅನುಮಾನಿಸಬೇಕು. ಆಗ `Win+Ctrl+Shift+B` ಒತ್ತಿದರೆ ಗ್ರಾಫಿಕ್ಸ್ ಡ್ರೈವರು ಮತ್ತೆ ಆರಂಭವಾಗುತ್ತದೆ; ಚಿತ್ರವು ಜೋಡಿಸಿಯೇ ಇಲ್ಲದ ಎರಡನೆಯ ಪರದೆಗೆ ಹೋಗಿದ್ದರೆ `Win+P` ನೆರವಾಗುತ್ತದೆ. ಡಿಡಿಆರ್5 ರ‍್ಯಾಮ್ ಇರುವ ಹೊಸ ಕಂಪ್ಯೂಟರುಗಳು ಮೊದಲ ಬಾರಿ, ಅಥವಾ ರ‍್ಯಾಮ್ ಬದಲಿಸಿದ ನಂತರ, ಹಲವು ನಿಮಿಷ ಕಪ್ಪು ಪರದೆಯಲ್ಲೇ ಇರಬಹುದು. ರ‍್ಯಾಮನ್ನು ಹೊಂದಿಸಿಕೊಳ್ಳುವ ಆ ಸಮಯದಲ್ಲಿ ಗಾಬರಿಯಿಂದ ಆಫ್ ಮಾಡಿದರೆ ಕೆಲಸ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ಒಂದು ತುದಿಯಲ್ಲಿ ಡಿಸ್‌ಪ್ಲೇ ಪೋರ್ಟ್, ಇನ್ನೊಂದು ತುದಿಯಲ್ಲಿ ಎಚ್‌ಡಿಎಂಐ ಇರುವ ಕೇಬಲ್ಲಿನ ವಿಚಾರದಲ್ಲಿಯೂ ಎಚ್ಚರ ಬೇಕು. ಇಂಥ ಸಾಮಾನ್ಯ ಕೇಬಲ್ಲು ಒಂದೇ ದಿಕ್ಕಿನಲ್ಲಿ ನಡೆಯುತ್ತದೆ: ಕಂಪ್ಯೂಟರಿನ ಕಡೆ ಡಿಸ್‌ಪ್ಲೇ ಪೋರ್ಟ್, ಮಾನಿಟರಿನ ಕಡೆ ಎಚ್‌ಡಿಎಂಐ. ತಿರುಗಿಸಿ ಹಾಕಿದರೆ ತುದಿಗಳು ಸರಿಯಾಗಿ ಕೂರುತ್ತವೆ, ಚಿತ್ರ ಬರುವುದಿಲ್ಲ. ಆ ದಿಕ್ಕಿಗೆ ವಿದ್ಯುತ್ ಪಡೆದು ನಡೆಯುವ ಪ್ರತ್ಯೇಕ ಪರಿವರ್ತಕ ಬೇಕು. ಈ ಕಚೇರಿಯವರು ಮಾನಿಟರಿನ ಡಿಸ್‌ಪ್ಲೇ ಪೋರ್ಟನ್ನು ಬಳಸಬೇಕೆಂದು ಅಂಥ ಕೇಬಲ್ಲನ್ನು ಕೊಳ್ಳಲು ಹೊರಟಿದ್ದರು. ಕೊಂಡಿದ್ದರೆ ನಾಲ್ಕನೆಯ ದೋಷವೊಂದು ಸೇರುತ್ತಿತ್ತು.

ಹೊರಡುವ ಮೊದಲು ಬೋರ್ಡಿನ ಎಚ್‌ಡಿಎಂಐ ಕಿಂಡಿಯ ಮೇಲೆ ಕಾಗದದ ಟೇಪು ಅಂಟಿಸಿ "ಇಲ್ಲಿ ಹಾಕಬಾರದು" ಎಂದು ಬರೆದೆ. ಸ್ಪೀಕರನ್ನು ಹಿಂದಕ್ಕೆ ತೆಗೆದುಕೊಳ್ಳದೆ ಒಳಗೇ ಬಿಟ್ಟೆ, ಬೀಪ್‌ಗಳ ಅರ್ಥವನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಬದಿಗೆ ಅಂಟಿಸಿದೆ. ಸಹಾಯಕರು ಹಿಂಬದಿಯ ಎಲ್ಲ ಸಂಪರ್ಕಗಳು ಕಾಣುವಂತೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡರು.